ಬ್ಯಾಂಕಿಗೆ ಕಟ್ಟಿದ್ದು 83.60, ಖರೀದಿ ಬರೆದದ್ದು 83: ಫಾರ್ವರ್ಡ್ ಲೆಕ್ಕದಲ್ಲಿ ನನ್ನ ಅನುಭವ

ಪೀಣ್ಯದ ಒಂದು ಸಣ್ಣ ಕಂಪನಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಫೆಬ್ರವರಿ 1ಕ್ಕೆ 50,000 ಡಾಲರಿನ ಬೇರಿಂಗ್ ಬಂತು, ದುಡ್ಡು ಕೊಡಬೇಕಾದದ್ದು ಮೇ 31ಕ್ಕೆ. ಅವತ್ತಿನ ಸ್ಪಾಟ್ ರೇಟು 83.00. ಡಾಲರ್ ಏರೀತು ಅಂತ ಯಜಮಾನರು ಅದೇ ದಿನ ಬ್ಯಾಂಕಿನಲ್ಲಿ ಫಾರ್ವರ್ಡ್ ಬುಕ್ ಮಾಡಿಸಿದರು, ಅಂದರೆ ಮೇ 31ಕ್ಕೆ ರೇಟು ಎಷ್ಟೇ ಇರಲಿ, ಡಾಲರನ್ನು 83.60ಕ್ಕೇ ಕೊಳ್ಳುವ ಒಪ್ಪಂದ. (ಲೆಕ್ಕ ಸುಲಭವಾಗಲಿ ಅಂತ ರೇಟುಗಳನ್ನು ಸ್ವಲ್ಪ ದುಂಡು ಮಾಡಿದ್ದೇನೆ.)

ಹೇಗೂ ಕೊಡೋದು 83.60 ತಾನೇ ಅಂತ ನಾನು ಖರೀದಿಯನ್ನೂ ಅದೇ ರೇಟಿಗೆ ಬರೆದುಬಿಟ್ಟೆ. ಮಾರ್ಚ್‌ನಲ್ಲಿ ಆಡಿಟರ್ ಹಿಡಿದರು. ಮಾಲು ಇನ್ನೂ ಗೋಡೌನಿನಲ್ಲೇ ಇತ್ತು, ಅದರ ಬೆಲೆ ಸುಮ್ನೆ 30,000 ಜಾಸ್ತಿ ತೋರಿಸುತ್ತಿತ್ತು.

ವಿದೇಶಿ ವಿನಿಮಯದ ಲೆಕ್ಕಪತ್ರ ಮಾನದಂಡವಾದ ಎಎಸ್ 11ರ ಪ್ರಕಾರ ಖರೀದಿ ಸ್ಪಾಟ್ ರೇಟಿಗೇ, ಅಂದರೆ 41,50,000. ಮೇಲಿನ 60 ಪೈಸೆ ಪ್ರೀಮಿಯಂ, ಅದನ್ನು ಕಾಂಟ್ರಾಕ್ಟಿನ ನಾಲ್ಕು ತಿಂಗಳಿಗೆ ಹಂಚಬೇಕು. ಹಾಗಾಗಿ ಫಾರ್ವರ್ಡಿಗೆ ಬೇರೆ ಎಂಟ್ರಿ ಹಾಕಿದೆ: ಬ್ಯಾಂಕಿನಿಂದ ಬರಬೇಕಾದ ಡಾಲರ್ 41,50,000 ಡೆಬಿಟ್, ಮುಂದಕ್ಕೆ ಹಾಕಿದ ಪ್ರೀಮಿಯಂ 30,000 ಡೆಬಿಟ್, ಬ್ಯಾಂಕಿಗೆ ಕೊಡಬೇಕಾದದ್ದು 41,80,000 ಕ್ರೆಡಿಟ್.

ಮಾರ್ಚ್ 31ಕ್ಕೆ ರೇಟು 83.40. ಸಪ್ಲೈಯರ್ ಬಾಕಿ 20,000 ಏರಿತು, ಅದು ನಷ್ಟ. ಬರಬೇಕಾದ ಡಾಲರಿನ ಬೆಲೆಯೂ 20,000 ಏರಿತು, ಅದು ಲಾಭ. ಎರಡೂ ವಜಾ. ಎರಡು ತಿಂಗಳ ಪ್ರೀಮಿಯಂ 15,000 ಮಾತ್ರ ಆ ವರ್ಷದ ಖರ್ಚಾಯಿತು.

ಮೇ 31ಕ್ಕೆ ಸ್ಪಾಟ್ 83.10ಕ್ಕೆ ಇಳಿದಿತ್ತು. ಮೊದಲು ಸಪ್ಲೈಯರ್ ಬಾಕಿಯನ್ನೂ ಬರಬೇಕಾದ ಡಾಲರನ್ನೂ 41,55,000ಕ್ಕೆ ಇಳಿಸಿದೆ. ಒಂದು ಕಡೆ 15,000 ಲಾಭ, ಇನ್ನೊಂದು ಕಡೆ ಅಷ್ಟೇ ನಷ್ಟ. ಆಮೇಲೆ ಬ್ಯಾಂಕಿಗೆ 41,80,000 ಕಟ್ಟಿ ಅದರ ಬಾಕಿ ತೀರಿಸಿದೆ, ಬಂದ ಡಾಲರನ್ನು ಸಪ್ಲೈಯರ್ ಖಾತೆಗೆ ಡೆಬಿಟ್ ಮಾಡಿದೆ, ಉಳಿದ 15,000 ಪ್ರೀಮಿಯಂ ಈ ವರ್ಷದ ಖರ್ಚಿಗೆ ಹಾಕಿದೆ.

ನಮ್ಮ ಹುಡುಗ ಮೊದಲು ಬ್ಯಾಂಕ್ ಅಡ್ವೈಸ್ ನೋಡಿ 41,80,000 ಪೂರ್ತಿ ಸಪ್ಲೈಯರಿಗೇ ಹಾಕಿದ್ದ, 10,000 ವಿನಿಮಯ ನಷ್ಟ ಅಂತ ಬಂತು. ಫಾರ್ವರ್ಡಿನ ಎರಡು ಲೆಡ್ಜರೂ ಹಾಗೇ ಬಾಕಿ ನಿಂತಿದ್ದವು, ತಪ್ಪು ಸಿಕ್ಕಿದ್ದೂ ಅಲ್ಲೇ. ದುಡ್ಡು ಕಟ್ಟಿದ ಮೇಲೆ ಅವು ಸೊನ್ನೆಗೆ ಬರದಿದ್ದರೆ ಎಂಟ್ರಿ ಸರಿಯಿಲ್ಲ ಅಂತಲೇ ಅರ್ಥ.

ಯಜಮಾನರು ಕೇಳಿದರು, "ಫಾರ್ವರ್ಡ್ ಮಾಡದಿದ್ದರೆ 25,000 ಉಳೀತಿತ್ತು ಅಲ್ವಾ? ಪುಸ್ತಕದಲ್ಲಿ ಎಲ್ಲಿದೆ ಅದು?"

"ಎಲ್ಲೂ ಇಲ್ಲ ಸರ್. ಪ್ರೀಮಿಯಂ 30,000 ಇದೆ. ಫಾರ್ವರ್ಡ್ ಇಲ್ಲದಿದ್ದರೂ 83ರಿಂದ 83.10ಕ್ಕೆ 5,000 ಜಾಸ್ತಿ ಕೊಡಲೇಬೇಕಿತ್ತು. ಅದನ್ನು ಕಳೆದರೆ ನಿಮ್ಮ 25,000."

ಇದೆಲ್ಲ ಮಾಲು ಬಂದು ಬಾಕಿ ಪುಸ್ತಕಕ್ಕೆ ಏರಿದ ಮೇಲಿನ ಮಾತು. ಬರೀ ಆರ್ಡರ್ ಕೊಟ್ಟು ಫಾರ್ವರ್ಡ್ ಬುಕ್ ಮಾಡಿದ್ದರೆ ಪ್ರೀಮಿಯಂ ಹಂಚುವ ಈ ದಾರಿ ನಡೆಯಲ್ಲ. ಇಂಡ್ ಎಎಸ್ ಪಾಲಿಸುವ ಕಂಪನಿಗಳಿಗೂ ಅಷ್ಟೇ, ಅವರು ಕಾಂಟ್ರಾಕ್ಟನ್ನೇ ಆಯಾ ದಿನದ ಮಾರುಕಟ್ಟೆ ಬೆಲೆಗೆ ತರಬೇಕು.