ಕನ್ಸಲ್ಟೆನ್ಸಿಗೆ ‘ಕನ್ಫರ್ಮ್’ ಎನ್ನುವ ಮುನ್ನ

‘ನಿಮ್ಮ ಪ್ರೊಫೈಲನ್ನು ನಮ್ಮ ಕ್ಲೈಂಟ್‌ಗೆ ಕಳಿಸುತ್ತೇವೆ, ಒಪ್ಪಿಗೆ ಇದ್ದರೆ I confirm ಎಂದು ರಿಪ್ಲೈ ಮಾಡಿ.’ ಕೆಲಸ ಹುಡುಕುವವರಿಗೆ ಕನ್ಸಲ್ಟೆನ್ಸಿಯಿಂದ ಇಂಥ ಮೇಲ್ ಬರುತ್ತದೆ. ರಿಕ್ರೂಟರ್‌ಗಳು ಇದನ್ನು ಆರ್‌ಟಿಆರ್ ಎನ್ನುತ್ತಾರೆ, ಅಂದರೆ ‘ರೈಟ್ ಟು ರೆಪ್ರೆಸೆಂಟ್’, ನಿಮ್ಮ ಪರವಾಗಿ ಪ್ರೊಫೈಲ್ ಕಳಿಸಲು ಒಪ್ಪಿಗೆ. ಬಸ್ಸಲ್ಲಿ ನಿಂತುಕೊಂಡೇ ರಿಪ್ಲೈ ಮಾಡಿಬಿಡುತ್ತೇವೆ, ಅಲ್ವಾ? ಸ್ವಲ್ಪ ತಡೆಯಿರಿ.

ಮೊದಲು ಕ್ಲೈಂಟ್ ಹೆಸರು ಮತ್ತು ಜಾಬ್ ಐಡಿ ಇದೆಯಾ ನೋಡಿ. ‘ವೈಟ್‌ಫೀಲ್ಡ್‌ನ ಪ್ರಮುಖ ಕಂಪನಿ’ ಎಂದಷ್ಟೇ ಇದ್ದರೆ ಹೆಸರು ಕೇಳಿ. ನೀವೇ ನೇರವಾಗಿ ಅಪ್ಲೈ ಮಾಡಿಬಿಡುತ್ತೀರಿ ಎಂಬ ಭಯಕ್ಕೆ ಕೆಲವರು ಮುಚ್ಚಿಡುತ್ತಾರೆ. ಅವರ ಭಯ ಸರಿಯೇ, ಆದರೆ ಯಾರಿಗೆ ಕಳಿಸುತ್ತಾರೆಂದು ತಿಳಿಯದೆ ಹೂಂ ಎನ್ನುವುದು ಬೇಡ.

ಯಾಕೆಂದರೆ ದೊಡ್ಡ ಕಂಪನಿಗಳು ಒಂದೇ ಹುದ್ದೆಯನ್ನು ಹಲವು ಕನ್ಸಲ್ಟೆನ್ಸಿಗಳಿಗೆ ಕೊಟ್ಟಿರುತ್ತವೆ. ಉದಾಹರಣೆಗೆ, ನೀವು ಜಾವಾ ಡೆವಲಪರ್, 12 ಲಕ್ಷ ಕೇಳುತ್ತಿದ್ದೀರಿ. ಸೋಮವಾರ ಹೆಸರು ಹೇಳದ ಒಬ್ಬರಿಗೆ ಕನ್ಫರ್ಮ್ ಎಂದಿರಿ, ಬುಧವಾರ ಹೆಸರು ಹೇಳಿದ ಇನ್ನೊಬ್ಬರಿಗೂ ಎಂದಿರಿ, ಎರಡೂ ಒಂದೇ ಕಂಪನಿ. ಅಲ್ಲಿನ ಪೋರ್ಟಲ್ ನಿಮ್ಮ ಇಮೇಲ್, ಫೋನ್ ನಂಬರ್ ನೋಡಿ ‘ಡೂಪ್ಲಿಕೇಟ್’ ಎನ್ನುತ್ತದೆ. ಕಂಪನಿ ಕನ್ಸಲ್ಟೆನ್ಸಿಗೆ ಕೊಡುವ ಕಮಿಷನ್ ಸಾಮಾನ್ಯವಾಗಿ ವರ್ಷದ ಸಂಬಳದ ಶೇ 8.33, ಅಂದರೆ ಇಲ್ಲಿ ಸುಮಾರು 1 ಲಕ್ಷ. ಅದಕ್ಕೆ ಇಬ್ಬರೂ ಕೈಚಾಚಿದರೆ, ಈ ರಗಳೆಯೇ ಬೇಡವೆಂದು ಕಂಪನಿ ನಿಮ್ಮನ್ನೇ ಕೈಬಿಡಬಹುದು.

ಇದನ್ನು ಮೊದಲೇ ಪತ್ತೆ ಮಾಡುವುದು ಕಷ್ಟವಲ್ಲ. ಎರಡೂ ಜೆಡಿಗಳನ್ನು, ಅಂದರೆ ಹುದ್ದೆಯ ವಿವರಗಳನ್ನು, ಪಕ್ಕಪಕ್ಕ ಇಟ್ಟು ಓದಿ. ಊರು, ಅನುಭವದ ವರ್ಷ, ಒಂದೆರಡು ವಾಕ್ಯ ಹಾಗೇ ಹೊಂದಿದರೆ ಅನುಮಾನ ಪಡಿ. ಆಮೇಲೆ ಮೊದಲನೆಯವರಿಗೆ ‘ಯಾವ ಕಂಪನಿ, ಪ್ರೊಫೈಲ್ ಸಬ್ಮಿಟ್ ಆಯಿತೇ, ಯಾವತ್ತು?’ ಎಂದು ಮೇಲ್‌ನಲ್ಲೇ ಕೇಳಿ. ಅದೇ ಕಂಪನಿಗೆ ಸಬ್ಮಿಟ್ ಆಗಿದ್ದರೆ ಎರಡನೆಯವರಿಗೆ ಬೇಡವೆನ್ನಿ. ಆಗಿಲ್ಲದಿದ್ದರೆ, ಮೊದಲು ಕೊಟ್ಟ ಒಪ್ಪಿಗೆಯನ್ನು ಬರೆದು ವಾಪಸ್ ಪಡೆದ ಮೇಲೆಯೇ ಇನ್ನೊಬ್ಬರಿಗೆ ಹೂಂ ಎನ್ನಿ.

ಇನ್ನು ಒಪ್ಪಿಗೆಯ ವ್ಯಾಪ್ತಿ ಮತ್ತು ಅವಧಿ. ಕೆಲವು ಮೇಲ್‌ಗಳಲ್ಲಿ ‘ಈ ಕ್ಲೈಂಟ್‌ನ ಎಲ್ಲ ಹುದ್ದೆಗಳಿಗೂ’ ಎಂದು ಸದ್ದಿಲ್ಲದೆ ಸೇರಿಸಿರುತ್ತಾರೆ. ಅದಕ್ಕೆ ಬರೀ ಕನ್ಫರ್ಮ್ ಎನ್ನದೆ ಹೀಗೆ ಬರೆಯಿರಿ: ‘ಈ ಕಂಪನಿಯ ಈ ಜಾಬ್ ಐಡಿಗೆ ಮಾತ್ರ, 30 ದಿನದ ಮಟ್ಟಿಗೆ ಒಪ್ಪಿಗೆ. ಈಗಿನ ಸಂಬಳ 9 ಲಕ್ಷ, ನಿರೀಕ್ಷೆ 12 ಲಕ್ಷ, ನೋಟಿಸ್ 60 ದಿನ. ಬೇರೆ ಕಡೆ ಕಳಿಸುವ ಮುನ್ನ ಕೇಳಿ.’ ಅಂಕಿ ಬರೆಯುವುದು ಸುಮ್ನೆ ಅಲ್ಲ. ಬೇಗ ಸೆಲೆಕ್ಟ್ ಆಗಲೆಂದು 60 ದಿನದ ನೋಟಿಸನ್ನು 30 ಮಾಡಿ ಕಳಿಸುವವರೂ ಇದ್ದಾರೆ. ಆಧಾರ್, ಪೇಸ್ಲಿಪ್ ಈ ಹಂತದಲ್ಲಿ ಬೇಕಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಪ್ರಕಾರ ಒಪ್ಪಿಗೆ ಸ್ಪಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಈ ಭಾಗ ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವಿದೆ. ಆದರೆ ಕ್ಲೈಂಟ್ ಕೈ ಸೇರಿದ ರೆಸ್ಯೂಮೆ, ನೀವು ಒಪ್ಪಿಗೆ ಹಿಂಪಡೆದ ಮಾತ್ರಕ್ಕೆ ಪೋರ್ಟಲ್‌ನಿಂದ ತಾನಾಗಿ ಮಾಯವಾಗುವುದಿಲ್ಲ.