ರಾಜೀನಾಮೆ ಕೊಟ್ಟ ಮೇಲೆ ಬಂದ ಕೌಂಟರ್ ಆಫರ್: ನಾನು ಲೆಕ್ಕ ಹಾಕಿ ಬೇಡ ಅಂದದ್ದು

ನಾನು ರಾಜೀನಾಮೆ ಕೊಟ್ಟಾಗ, ಉಳಿಸಿಕೊಳ್ಳಲು ಕಂಪನಿಯವರು ಜಾಸ್ತಿ ಸಂಬಳದ ಕೌಂಟರ್ ಆಫರ್ ಕೊಟ್ಟರು. "ತಗೊಂಡುಬಿಡು, ಹೊಸ ಜಾಗದಲ್ಲಿ ಯಾಕೆ ಮೊದಲಿಂದ ಶುರು ಮಾಡ್ತೀಯ?" ಅಂದವರೇ ಜಾಸ್ತಿ. ನಾನು ಬೇಡ ಅಂದದ್ದು ಸರಿ ಅಂದವರು ಇಡೀ ಟೀಮಿನಲ್ಲಿ ಒಬ್ಬರೋ ಇಬ್ಬರೋ. ಈಗ ವರ್ಷ ಕಳೆದಿದೆ, ಲೆಕ್ಕ ನಾನು ಹೇಳಿದ ಕಡೆಗೇ ಬಂದು ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಕೆಲಸ ಹುಡುಕುವುದು, ಸಂಬಳ ಮಾತಾಡುವುದು ನಿಮಗೆಲ್ಲ ಗೊತ್ತಿರುವುದೇ. ರಾಜೀನಾಮೆ ಮೇಲ್ ಹೋದ ಮೇಲಿನ ಎರಡು ಮೂರು ವಾರಗಳ ವಿಷಯ ಮಾತ್ರ ಹೇಳುತ್ತೇನೆ.

ಮೊದಲು ಹಳೆಯ ಅನುಭವ. ಈ ಸಲ ಬಿಟ್ಟ ಕಂಪನಿಗೂ ಹಿಂದಿನ ಕಂಪನಿಯೊಂದರಲ್ಲಿ ನನಗೆ 20 ಪರ್ಸೆಂಟ್ ಜಾಸ್ತಿ ಕೊಟ್ಟು ಉಳಿಸಿಕೊಂಡರು. ಮುಂದಿನ ಅಪ್ರೈಸಲ್ ಬಂತು. "ನಿನಗೆ ಆಗಲೇ ಕೊಟ್ಟಿದ್ದೀವಲ್ಲ" ಅಂದರು. ಆ ವರ್ಷ ನನಗೆ ಸೊನ್ನೆ, ಮುಂದಿನ ವರ್ಷವೂ ಸೊನ್ನೆ. ಪಕ್ಕದಲ್ಲಿ ಕೂತವನು ರಾಜೀನಾಮೆಯನ್ನೇ ಕೊಟ್ಟಿರಲಿಲ್ಲ, ಅವನಿಗೆ ಎರಡು ಅಪ್ರೈಸಲ್‌ನಲ್ಲೂ 8-9 ಪರ್ಸೆಂಟ್ ಬಂತು. ಇಬ್ಬರೂ 100ರಿಂದ ಶುರು ಮಾಡಿದೆವು ಅಂದುಕೊಳ್ಳಿ. ಎರಡು ವರ್ಷ ಆಗುವಷ್ಟರಲ್ಲಿ ನಾನು 120, ಅವನು ಹೆಚ್ಚುಕಮ್ಮಿ 118. ಆ ಎರಡು ಅಂಕಿಗಾಗಿ ನಾನು ಒಂದು ಒಳ್ಳೆಯ ಹೊಸ ಕೆಲಸ ಬಿಟ್ಟಿದ್ದೆ. ಬರಬೇಕಿದ್ದ ಹೈಕನ್ನೇ ಮುಂಚೆ ಕೊಟ್ಟು ಅದಕ್ಕೆ ಕೌಂಟರ್ ಆಫರ್ ಅಂತ ಹೆಸರಿಡುತ್ತಾರೆ ಅನ್ನುವುದು ಆಗ ಗೊತ್ತಾಯಿತು.

ಅದಾದ ಮೇಲೆ ಒಂದು ಹಾಳೆ ಮಾಡಿಕೊಂಡೆ. ಕೌಂಟರ್ ಬಂದ ತಕ್ಷಣ ಅದನ್ನು ಮೂರು ಭಾಗ ಮಾಡುತ್ತೇನೆ. ಹೇಗಿದ್ದರೂ ನನಗೆ ಬರುತ್ತಿದ್ದುದು ಎಷ್ಟು? ಷರತ್ತಿನ ಮೇಲೆ ಬರುವುದು ಎಷ್ಟು? ಈ ತಿಂಗಳಿಂದ ಪ್ರತಿ ತಿಂಗಳೂ ನಿಜವಾಗಿ ಜಾಸ್ತಿ ಬರುವುದು ಎಷ್ಟು?

ಈ ಸಲದ್ದನ್ನೇ ನೋಡಿ. ಆಗಿನ ವರ್ಷದ ಸಂಬಳ 100 ಅಂತ ಇಟ್ಟುಕೊಳ್ಳೋಣ. ಅದರಲ್ಲಿ 90 ತಪ್ಪದೆ ಬರುವ ಫಿಕ್ಸೆಡ್, 10 ಹೆಚ್ಚುಕಮ್ಮಿ ಆಗುವ ವೇರಿಯಬಲ್. ಹೊಸ ಕಂಪನಿ ಕೊಟ್ಟದ್ದು 130: ಫಿಕ್ಸೆಡ್ 118, ವೇರಿಯಬಲ್ 12. ನಮ್ಮವರು ನಾಲ್ಕೈದು ದಿನ ತಗೊಂಡು 128 ಅಂದರು. "ಎರಡು ಅಂಕಿಗೋಸ್ಕರ ಯಾರಾದರೂ ಬಿಟ್ಟು ಹೋಗ್ತಾರಾ?" ಅಂತ ಮ್ಯಾನೇಜರ್ ಕೇಳಿದರು. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ?

ಹಾಳೆ ಮೇಲೆ ಹಾಕಿದಾಗ ಬೇರೆಯೇ ಕಾಣಿಸಿತು. 128ರಲ್ಲಿ ಫಿಕ್ಸೆಡ್ 102, ವೇರಿಯಬಲ್ 14, ಉಳಿದ 12 ರಿಟೆನ್ಷನ್ ಬೋನಸ್. ಆ ಬೋನಸ್ ಸಿಗುವುದು ವರ್ಷ ಮುಗಿದ ಮೇಲೆ, ಅದೂ ಒಂದೇ ಸಲ. ಸಿಕ್ಕ ಮೇಲೆ ಆರು ತಿಂಗಳೊಳಗೆ ಬಿಟ್ಟರೆ ಪೂರ್ತಿ ವಾಪಸ್ ಕೊಡಬೇಕು. ಹಾಗಾಗಿ ಅದನ್ನು ಸಂಬಳದ ಸಾಲಿಂದಲೇ ತೆಗೆದೆ. ವೇರಿಯಬಲ್ ನಮ್ಮಲ್ಲಿ ಪೂರ್ತಿ ಬಂದದ್ದೇ ಇಲ್ಲ, 70 ಪರ್ಸೆಂಟ್ ಆಸುಪಾಸು ಬರುತ್ತಿತ್ತು. ಅಂದರೆ 14 ಅಂದರೂ ಕೈಗೆ ಸುಮಾರು 10. ಒಟ್ಟು 112. ಹೊಸ ಕಡೆಯ ವೇರಿಯಬಲ್ ಹೇಗೆ ಬರುತ್ತದೋ ಗೊತ್ತಿಲ್ಲ ಅಂತ ಅರ್ಧವೇ ಹಿಡಿದೆ: 118 ಮತ್ತು 6, ಒಟ್ಟು 124. ವ್ಯತ್ಯಾಸ ಎರಡಲ್ಲ, ಹನ್ನೆರಡು.

ಇನ್ನೂ ಒಂದು ಹೆಜ್ಜೆ ಇದೆ. ಫಿಕ್ಸೆಡ್‌ನಲ್ಲಿ 90ರಿಂದ 102, ಅಂದರೆ 12 ಏರಿಕೆ. ಅಪ್ರೈಸಲ್‌ಗೆ ಇನ್ನು ನಾಲ್ಕು ತಿಂಗಳಷ್ಟೇ ಇತ್ತು, ಅಲ್ಲಿ ಏನಿಲ್ಲ ಅಂದರೂ 7 ಬರುತ್ತಿತ್ತು. ನಿಜವಾಗಿ ಹೊಸದಾಗಿ ಕೊಟ್ಟದ್ದು 5. ಮುಂದಿನ ಹೈಕುಗಳೆಲ್ಲ ಫಿಕ್ಸೆಡ್ ಮೇಲೆಯೇ ಲೆಕ್ಕ ಆಗುವುದರಿಂದ ನಾನು ಈ ಸಾಲಿಗೇ ಜಾಸ್ತಿ ಬೆಲೆ ಕೊಡುತ್ತೇನೆ.

ಇದು ಗೊತ್ತಾದ ಮೇಲೂ ತಕ್ಷಣ ಬೇಡ ಅನ್ನಲಿಲ್ಲ. ಎಚ್‌ಆರ್‌ಗೆ ಮೇಲ್ ಹಾಕಿ ಎರಡು ವಿಷಯ ಕೇಳಿದೆ. ಹೊಸ ಸಂಬಳದ ಪತ್ರ ಈ ವಾರ ಸಿಗುತ್ತದಾ? ಬರುವ ಅಪ್ರೈಸಲ್‌ನಲ್ಲಿ ನನ್ನ ಹೆಸರು ಇರುತ್ತದಾ? ಮೊದಲನೆಯದಕ್ಕೆ "ಅಪ್ರೂವಲ್ ನಡೀತಿದೆ, ಅಷ್ಟರಲ್ಲಿ ರಾಜೀನಾಮೆ ವಾಪಸ್ ತಗೊಳ್ಳಿ" ಅಂತ ಬಂತು. ಎರಡನೆಯದಕ್ಕೆ ಉತ್ತರವೇ ಇಲ್ಲ, ಫೋನ್ ಮಾಡಿ "ಅದೆಲ್ಲ ಆಮೇಲೆ ನೋಡೋಣ" ಅಂದರು. ಪತ್ರ ಕೈಗೆ ಬರದೆ ರಾಜೀನಾಮೆ ವಾಪಸ್ ತಗೊಳ್ಳಲೇಬಾರದು. ವಾಪಸ್ ತಗೊಂಡರೆ ಅಲ್ಲಿಯವರೆಗೆ ಕಳೆದ ನೋಟಿಸ್ ದಿನಗಳೆಲ್ಲ ಹೋಗುತ್ತವೆ. ಆಮೇಲೆ ಅಪ್ರೂವಲ್ ಆಗಲಿಲ್ಲ ಅಂದರೆ ಮತ್ತೆ ಮೊದಲಿಂದ ಎಣಿಸಬೇಕು, ಅಷ್ಟರಲ್ಲಿ ಹೊಸ ಕಂಪನಿಯ ಜಾಯಿನಿಂಗ್ ತಾರೀಖು ದಾಟಿರುತ್ತದೆ. ನನ್ನ ಪರಿಚಯದವರೊಬ್ಬರಿಗೆ ಹೀಗೇ ಆಗಿ ಎರಡೂ ಕಡೆ ಕೈತಪ್ಪಿತು.

ಇನ್ನೊಂದು ಸುಳಿವು ಹ್ಯಾಂಡೋವರ್. ನಿಜವಾಗಿ ಉಳಿಸಿಕೊಳ್ಳಬೇಕು ಅಂತಿದ್ದರೆ ಹ್ಯಾಂಡೋವರ್ ನಿಲ್ಲಿಸುತ್ತಾರೆ. ನನಗೆ ಒಂದು ಕಡೆ "ಯೋಚನೆ ಮಾಡು" ಅನ್ನುತ್ತಲೇ ಇನ್ನೊಂದು ಕಡೆ ಹ್ಯಾಂಡೋವರ್ ಡಾಕ್ಯುಮೆಂಟ್ ಎಲ್ಲಿಗೆ ಬಂತು ಅಂತ ದಿನಾ ಕೇಳುತ್ತಿದ್ದರು. ಅದು ಇನ್ನೊಬ್ಬರು ನನ್ನ ಕೆಲಸ ಕಲಿತುಕೊಳ್ಳುವವರೆಗೆ ಸಮಯ ತಗೊಳ್ಳುವ ಲಕ್ಷಣ.

ಈ ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ನಾನು ಬಿಡಲು ಅರ್ಧ ಕಾರಣ ರಾತ್ರಿ ಸಪೋರ್ಟ್ ಡ್ಯೂಟಿ. ದುಡ್ಡಿನ ಮಾತು ಪಕ್ಕಕ್ಕಿಟ್ಟು "ಮುಂದಿನ ವಾರದ ರೋಸ್ಟರ್‌ನಿಂದ ನನ್ನ ಹೆಸರು ತೆಗೆಯಿರಿ, ಆಮೇಲೆ ಮಾತಾಡೋಣ" ಅಂದೆ. ಅದಕ್ಕೆ ಯಾವ ಅಪ್ರೂವಲ್ಲೂ ಬೇಡ, ಮ್ಯಾನೇಜರ್ ಕೈಯಲ್ಲೇ ಇತ್ತು. ರೋಸ್ಟರ್ ಬಂತು, ನನ್ನ ಹೆಸರು ಅಲ್ಲೇ ಇತ್ತು. ಅವತ್ತೇ ನಾನು ತೀರ್ಮಾನ ಮಾಡಿದ್ದು. ಕೌಂಟರ್ ಆಫರನ್ನು ಹೊಸ ಕಂಪನಿಗೆ ತೋರಿಸಿ ಇನ್ನಷ್ಟು ಕೇಳುವ ಯೋಚನೆಯೂ ಬಂದಿತ್ತು. ಹಿಂದೊಮ್ಮೆ ಮಾಡಿದ್ದೆ, 3 ಪರ್ಸೆಂಟ್ ಸಿಕ್ಕಿತು, ಆದರೆ ಸೇರುವ ಮೊದಲೇ ಅವರಿಗೆ ನನ್ನ ಮೇಲೆ ಅನುಮಾನ ಶುರುವಾಯಿತು. ಈ ಸಲ ಮಾಡಲಿಲ್ಲ.

ಹಾಗಂತ ಎಲ್ಲ ಕೌಂಟರನ್ನೂ ಬಿಡಬೇಕು ಅಂತಲ್ಲ. ಬಿಡಲು ಕಾರಣ ಒಂದೇ ಇದ್ದು, ಅದು ನೋಟಿಸ್ ಮುಗಿಯುವ ಮೊದಲೇ ಕಣ್ಣೆದುರು ಸರಿಹೋದರೆ ಉಳಿಯಬಹುದು. ನಮ್ಮಲ್ಲೇ ಒಬ್ಬಳು ಬೇರೆ ಟೀಮ್ ಬೇಕು ಅಂತ ವರ್ಷಗಟ್ಟಲೆ ಕೇಳಿ, ಸಿಗದೆ ರಾಜೀನಾಮೆ ಕೊಟ್ಟಳು. ವಾರದೊಳಗೆ ಟ್ರಾನ್ಸ್‌ಫರ್ ಆರ್ಡರ್ ಬಂತು, ಆ ಟೀಮಿನ ಮ್ಯಾನೇಜರ್ ಅವಳಿಗೆ ಕೆಲಸವನ್ನೂ ವಹಿಸಿದರು. ಆಮೇಲೆ ಅವಳು ರಾಜೀನಾಮೆ ವಾಪಸ್ ತಗೊಂಡಳು. ಈಗಲೂ ಅಲ್ಲೇ ಚೆನ್ನಾಗಿದ್ದಾಳೆ. "ಆರು ತಿಂಗಳಲ್ಲಿ ಪ್ರಮೋಷನ್" ಅನ್ನುವ ಮಾತಿಗೆ ಮಾತ್ರ ನನ್ನ ಹಾಳೆಯಲ್ಲಿ ಬೆಲೆ ಸೊನ್ನೆ.

ಬೇಡ ಅನ್ನುವಾಗ ಕಾರಣ ಕೊಡಬೇಡಿ. ಕೊಟ್ಟ ಪ್ರತಿ ಕಾರಣಕ್ಕೂ ಒಂದು ಮೀಟಿಂಗ್ ಆಗುತ್ತದೆ. ನಾನು ಬರೆದದ್ದು ಇಷ್ಟೇ: "ನಿಮ್ಮ ಆಫರ್ ನೋಡಿದೆ, ಧನ್ಯವಾದ. ನನ್ನ ತೀರ್ಮಾನ ಬದಲಾಗಿಲ್ಲ. ಕೊನೆಯ ದಿನ ಮೊದಲು ತಿಳಿಸಿದ ತಾರೀಖೇ, ಹ್ಯಾಂಡೋವರ್ ಅದಕ್ಕೂ ಒಂದು ವಾರ ಮೊದಲು ಮುಗಿಸುತ್ತೇನೆ." ಎರಡು ದಿನ ಬಿಟ್ಟು ದೊಡ್ಡವರೊಬ್ಬರು ಕರೆಸಿ 135 ಅಂದರು. ಅವರಿಗೂ ಇದನ್ನೇ ಕಳಿಸಿದೆ. ಆ ಮೀಟಿಂಗ್‌ನಲ್ಲಿ ನಾನು ಕೇಳಿದ ಒಂದು ಪ್ರಶ್ನೆಯಿಂದ ಮಾತು ಹತ್ತು ನಿಮಿಷದಲ್ಲೇ ಮುಗಿಯಿತು. ಆ ಪ್ರಶ್ನೆ ಇಲ್ಲಿ ಬರೆಯುವುದಿಲ್ಲ, ಇನ್ನೊಮ್ಮೆ ಬೇಕಾಗುತ್ತದೆ.

ಹೊಸ ಕಡೆ ಅರ್ಧ ಅಂತ ಹಿಡಿದಿದ್ದ ವೇರಿಯಬಲ್ ಸುಮಾರು 80 ಪರ್ಸೆಂಟ್ ಬಂತು. ಹಳೆಯ ಟೀಮಿನಲ್ಲಿ ನನ್ನ ಹಿಂದೆಯೇ ರಾಜೀನಾಮೆ ಕೊಟ್ಟು, ಹೆಚ್ಚುಕಮ್ಮಿ ಇದೇ ತರಹದ ಕೌಂಟರ್ ಒಪ್ಪಿಕೊಂಡು ಉಳಿದವನಿಗೆ ಆ ವರ್ಷದ ಅಪ್ರೈಸಲ್‌ನಲ್ಲಿ ಏನೂ ಬರಲಿಲ್ಲ. ರಿಟೆನ್ಷನ್ ಬೋನಸ್ ಬಂದಿದೆ, ಅದರ ಆರು ತಿಂಗಳು ಮುಗಿಯಲಿ ಅಂತ ಕಾಯುತ್ತಿದ್ದಾನೆ.