ನಮ್ಮ ಶಾಲೆಯ ಇನ್ಶೂರೆನ್ಸ್ ಬಜೆಟ್‌ನಲ್ಲಿ ಆಗಸ್ಟ್ ತಿಂಗಳ ಲೆಕ್ಕ

ಕುಮಟಾ ಹತ್ರ ಒಂದು ಟ್ರಸ್ಟ್ ಶಾಲೆಯ ಲೆಕ್ಕಪತ್ರ ನಾನು ನೋಡ್ಕೊಳ್ಳೋದು. ನಮ್ಮಲ್ಲಿ ಕಟ್ಟಡದ ಪಾಲಿಸಿ ಮೇನಲ್ಲಿ ಮುಗಿಯುತ್ತೆ, ಸ್ಟಾಫ್‌ದು ಜುಲೈನಲ್ಲಿ, ಮೂರು ಬಸ್‌ಗಳದ್ದು ಆಗಸ್ಟ್, ನವೆಂಬರ್, ಫೆಬ್ರವರಿ. ಮೊದಲೆಲ್ಲ ಬಜೆಟ್‌ನಲ್ಲಿ ಹೋದ ವರ್ಷದ ಮೊತ್ತಕ್ಕೆ ಶೇ. 10 ಸೇರಿಸಿ ಒಂದೇ ಸಾಲಲ್ಲಿ ಬರೀತಿದ್ರು, ನಾನು ಅದನ್ನ ಬಿಟ್ಟು ಒಂದೊಂದನ್ನೂ ಬೇರೆ ಬೇರೆ ಲೆಕ್ಕ ಹಾಕ್ತೀನಿ, ಯಾಕಂದ್ರೆ ಒಂದೊಂದು ಏರೋ ಕಾರಣನೇ ಬೇರೆ.

ಬಸ್ ತಗೊಳ್ಳಿ. ಬಸ್ ಹಳೇದಾಯ್ತು, ಐಡಿವಿ ಅಂದ್ರೆ ಪಾಲಿಸಿಯಲ್ಲಿ ಬಸ್ಸಿಗೆ ಹಾಕಿರೋ ಬೆಲೆ ಇಳೀತು, ಪ್ರೀಮಿಯಂನೂ ಇಳಿಯುತ್ತೆ ಅಂತ ಕಮಿಟಿಯವ್ರು ಅಂದ್ಕೋತಾರೆ. ಇಳಿಯೋದು ಸ್ವಂತ ಹಾನಿಯ ಭಾಗ ಮಾತ್ರ. ಥರ್ಡ್ ಪಾರ್ಟಿ ದರ ಸರ್ಕಾರ ನಿಗದಿ ಮಾಡೋದು, 2022ರ ಜೂನ್‌ನಲ್ಲಿ ಬಂದ ದರದ ಪ್ರಕಾರ ಶಾಲೆ ಹೆಸರಲ್ಲಿರೋ ಬಸ್ಸಿಗೆ ಮೂಲ 12,192 ರೂಪಾಯಿ, ಮೇಲೆ ಸೀಟಿಗೆ 745. 40 ಸೀಟಿಗೆ 41,992 ಆಯ್ತು, ಶೇ. 18 ಜಿಎಸ್‌ಟಿ ಸೇರಿದ್ರೆ 49,550. ಆ ಜಿಎಸ್‌ಟಿ ನಮಗೆ ವಾಪಸ್ ಸಿಗಲ್ಲ, ಅದೂ ಪೂರ್ತಿ ಖರ್ಚೇ. ಸ್ವಂತ ಹಾನಿದೂ ಸೇರಿ ಒಂದು ಬಸ್ಸಿಗೆ 62,000 ಇಟ್ಟೆ. ಸ್ಟಾಫ್‌ದು ಮಾತ್ರ ಕ್ಲೇಮ್ ಎಷ್ಟಾಗಿದೆ, ಹೊಸಬರು ಎಷ್ಟು ಸೇರಿದ್ರು ಅನ್ನೋದರ ಮೇಲೆ ಹೋಗುತ್ತೆ, ಅದಕ್ಕೆ ರಿನೀವಲ್‌ಗೆ ಎರಡು ತಿಂಗಳ ಮುಂಚೆನೇ ಕ್ಲೇಮ್ ಲಿಸ್ಟ್ ತರಿಸ್ತೀನಿ.

ಕಟ್ಟಡ 12,000, ಸ್ಟಾಫ್ 96,000, ಬಸ್ 1,86,000, ಒಟ್ಟು 2,94,000. 12ರಿಂದ ಭಾಗಿಸಿದ್ರೆ ತಿಂಗಳಿಗೆ 24,500, ಅಷ್ಟನ್ನ ಬೇರೆ ಖಾತೆಗೆ ಹಾಕಿದ್ರಾಯ್ತು ಅನ್ಸುತ್ತೆ. ಆದ್ರೆ ತಿಂಗಳು ತಿಂಗಳು ಇಳಿಸಿ ನೋಡಿ: ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಜಮೆ ಆಗೋದು 1,22,500, ಅಷ್ಟರಲ್ಲಿ ಕಟ್ಟಡ, ಸ್ಟಾಫ್, ಮೊದಲ ಬಸ್ ಸೇರಿ ಹೋಗೋದು 1,70,000. ಅಂದ್ರೆ 47,500 ಕಮ್ಮಿ. ವರ್ಷದ ಮೊತ್ತ ಸರಿಯಾಗೇ ಇದ್ರೂ ಆಗಸ್ಟ್‌ನಲ್ಲಿ ಖಾತೆ ಖಾಲಿ. ಹಾಗಾಗಿ ಏಪ್ರಿಲ್ 1ಕ್ಕೇ ಆ ಖಾತೆಯಲ್ಲಿ 47,500 ಇರಬೇಕು ಅಂತ ಬಜೆಟ್‌ನಲ್ಲೇ ಬರೆಸಿದೆ. ಒಮ್ಮೆ ಇಟ್ರೆ ಸಾಕು, ದರ ಬದಲಾಗದಿದ್ರೆ ಮಾರ್ಚ್ ಕೊನೆಗೆ ಅಷ್ಟೇ ಮತ್ತೆ ಉಳಿದಿರುತ್ತೆ.

ಇನ್ನು ಪಾವತಿ. ಪ್ರೀಮಿಯಂ ಕಂಪನಿಗೆ ತಲುಪದೆ ರಿಸ್ಕ್ ಶುರುವಾಗಲ್ಲ, ಅದು 1938ರ ವಿಮಾ ಕಾಯ್ದೆಯ 64ವಿಬಿ ಕಲಮಿನಲ್ಲೇ ಇದೆ. ನಮ್ಮಲ್ಲಿ ಚೆಕ್ಕಿಗೆ ಇಬ್ಬರ ಸಹಿ ಬೇಕು, ಒಬ್ಬರು ಇರೋದು ಬೆಂಗಳೂರಲ್ಲಿ. ಚೆಕ್ ಹೋಗಿ ಬರೋಕೆ ವಾರ ಬೇಕಾಗುತ್ತೆ, ಕಟ್ಟಡದ್ದು ಮುಗಿಯೋದೋ ಮಳೆಗಾಲದ ಬಾಗಿಲಲ್ಲಿ, 2021ರಲ್ಲಿ ತೌಕ್ತೆ ಚಂಡಮಾರುತ ಬಂದಿದ್ದೂ ಮೇ ತಿಂಗಳಲ್ಲೇ. ಅದಕ್ಕೆ ಶೀಟಲ್ಲಿ ಮುಗಿಯೋ ತಾರೀಖಿನ ಪಕ್ಕ ಇನ್ನೊಂದು ಕಾಲಂ ಮಾಡಿದೀನಿ, ಚೆಕ್ ಬರೆಯೋ ದಿನ ಅಂತ, 20 ದಿನ ಮುಂಚಿಂದು. ಕಮಿಟಿ ಮೀಟಿಂಗಲ್ಲಿ ನಾನು ಓದೋದು ಆ ಕಾಲಂನೇ.